ಸಿಸಿಟಿವಿ ದೃಶ್ಯ ಕೋರ್ಟಿಗೆ ಕೊಡಬೇಕೇ? ಸರ್ಟಿಫಿಕೇಟ್ ತುಂಬುವುದು ಹೀಗೆ

ಕಕ್ಷಿದಾರರು ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ. "ಸಾರ್, ಎಲ್ಲ ಇದರಲ್ಲಿದೆ, ಕಣ್ಣಿಗೆ ಕಾಣುತ್ತೆ, ಇನ್ನೇನು ಬೇಕು?" ಅನ್ನುತ್ತಾರೆ. ಬೇಕಾಗಿರುವುದು ದೃಶ್ಯ ಯಾವ ಯಂತ್ರದಿಂದ ಬಂತು ಎಂದು ಸಹಿ ಹಾಕಿ ಹೇಳುವ ಒಂದು ಸರ್ಟಿಫಿಕೇಟ್. ಅದು ಇಲ್ಲದಿದ್ದರೆ ಪೆನ್‌ಡ್ರೈವ್‌ನಲ್ಲಿರುವ ನಕಲನ್ನು ಸಾಕ್ಷ್ಯವಾಗಿ ಗುರುತು ಮಾಡುವಾಗಲೇ ಎದುರು ವಕೀಲರು ಎದ್ದು ನಿಂತು ತಕರಾರು ತೆಗೆಯುತ್ತಾರೆ.

ಮೊದಲು ಇದನ್ನು 1872ರ ಸಾಕ್ಷ್ಯ ಕಾಯ್ದೆಯ ಕಲಂ ಹೆಸರಿನಲ್ಲಿ 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದೆವು. ಈಗಲೂ ಕೋರ್ಟ್ ಆವರಣದಲ್ಲಿ ಅದೇ ಹೆಸರು ಓಡಾಡುತ್ತಿದೆ. ಆದರೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಂ ಈಗ ಈ ಕೆಲಸ ನೋಡಿಕೊಳ್ಳುತ್ತದೆ. ಹಳೆಯ ಕಾನೂನಿನಲ್ಲಿ ನಮೂನೆ ಇರಲಿಲ್ಲ, ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಿದ್ದರು. ಹೊಸದರಲ್ಲಿ ಅನುಸೂಚಿಯಲ್ಲೇ ಅಚ್ಚಾದ ನಮೂನೆ ಇದೆ. ಭಾಗ ಎ ಅನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಭಾಗ ಬಿ ಅನ್ನು ಪರಿಣತರು ತುಂಬಬೇಕು. 2024ರ ಜುಲೈ 1ಕ್ಕೆ ಮೊದಲೇ ಶುರುವಾಗಿ ನಡೆಯುತ್ತಿದ್ದ ಕೇಸುಗಳಿಗೆ ಮಾತ್ರ ಹಳೆಯ ಕಾನೂನೇ ಅನ್ವಯ.

ಒಂದು ಕಲ್ಪಿತ ಪ್ರಕರಣ ಇಟ್ಟುಕೊಂಡು ನೋಡೋಣ. ತಿಪಟೂರಿನಲ್ಲಿ ಒಬ್ಬರ ಕೊಬ್ಬರಿ ಗೋದಾಮು ಇದೆ. 2025ರ ಮಾರ್ಚ್ 8ರ ನಸುಕಿನಲ್ಲಿ ಪಕ್ಕದ ಜಾಗದವರು ಜೆಸಿಬಿ ತಂದು ಇವರ ಕಾಂಪೌಂಡ್ ಗೋಡೆ ಕೆಡವಿದ್ದಾರೆ. ಗೋದಾಮಿನ ಎರಡನೇ ಕ್ಯಾಮೆರಾದಲ್ಲಿ ಅದು ಸೆರೆಯಾಗಿದೆ. ಯಜಮಾನರು ಸಿವಿಲ್ ದಾವೆ ಹಾಕುತ್ತಿದ್ದಾರೆ.

ಮೊದಲ ದಿನದ ಕೆಲಸ

ಕ್ಯಾಮೆರಾದ ದೃಶ್ಯವನ್ನು ರೆಕಾರ್ಡ್ ಮಾಡಿಡುವ ಯಂತ್ರವೇ ಡಿವಿಆರ್. ಅದರ ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ನೋಟಿಸ್ ಕೊಟ್ಟು, ಉತ್ತರ ಕಾದು, ಆಮೇಲೆ ನೋಡೋಣ ಅಂದರೆ ದೃಶ್ಯವೇ ಇರುವುದಿಲ್ಲ. ಹಾಗಾಗಿ ಅವತ್ತೇ ನಕಲು ತೆಗೆಯಿರಿ.

ನಕಲು ತೆಗೆಯುವ ಮೊದಲು ಒಂದು ಚಿಕ್ಕ ಕೆಲಸ ಇದೆ. ಡಿವಿಆರ್ ಪರದೆಯ ಗಡಿಯಾರವನ್ನೂ ನಿಮ್ಮ ಮೊಬೈಲಿನ ಗಡಿಯಾರವನ್ನೂ ಪಕ್ಕಪಕ್ಕ ಇಟ್ಟು ಫೋಟೊ ತೆಗೆದುಕೊಳ್ಳಿ. ಡಿವಿಆರ್ ಗಡಿಯಾರಗಳು ಮುಂದೆ ಹಿಂದೆ ಹೋಗುವುದು ತುಂಬಾ ಸಾಮಾನ್ಯ. ನಮ್ಮ ಗೋದಾಮಿನದು 7 ನಿಮಿಷ ಮುಂದಿದೆ ಅಂದುಕೊಳ್ಳಿ. ಜೆಸಿಬಿ ಬಂದದ್ದು 2 ಗಂಟೆ 10 ನಿಮಿಷಕ್ಕೆ, ದೃಶ್ಯದ ಮೇಲೆ ಕಾಣುವುದು 2:17. ಇದನ್ನು ಈಗಲೇ ಸರಿಪಡಿಸಲು ಹೋಗಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟುಕೊಳ್ಳಿ. ನಮೂನೆಯಲ್ಲಿ "ಸಾಧನದ ಬಗ್ಗೆ ಇತರ ಮಾಹಿತಿ" ಎಂಬ ಜಾಗ ಇದೆ, ಈ ವ್ಯತ್ಯಾಸ ಅಲ್ಲಿಗೆ ಹೋಗಬೇಕು. ನೀವೇ ಮೊದಲು ಹೇಳಿಬಿಟ್ಟರೆ ಪಾಟೀಸವಾಲಿನಲ್ಲಿ ಅದನ್ನು ಹಿಡಿದು ಎಳೆಯಲು ಏನೂ ಉಳಿಯುವುದಿಲ್ಲ.

ನಕಲು ತೆಗೆಯುವಾಗ ಡಿವಿಆರ್ ಕೊಡುವ ಮೂಲ ರೂಪದಲ್ಲೇ ಫೈಲ್ ಇಳಿಸಿಕೊಳ್ಳಿ. ಕೆಲವು ಡಿವಿಆರ್‌ಗಳು ತಮ್ಮದೇ ರೂಪದಲ್ಲಿ ಕೊಡುತ್ತವೆ, ಅದಕ್ಕೆ ಬೇರೆ ಪ್ಲೇಯರ್ ಬೇಕಾಗುತ್ತದೆ. ಆ ಪ್ಲೇಯರನ್ನೂ ಅದೇ ಪೆನ್‌ಡ್ರೈವ್‌ಗೆ ಹಾಕಿಡಿ. ನೋಡಲು ಸುಲಭವಾಗಲಿ ಎಂದು ಎಂಪಿ4 ಮಾಡಿಕೊಂಡರೆ ಅದು ಇನ್ನೊಂದು ಫೈಲ್ ಆಯಿತು. ಅದನ್ನೂ ಕೋರ್ಟಿಗೆ ಕೊಡುವುದಾದರೆ ಮುಂದೆ ಹೇಳುವ ಹ್ಯಾಷ್ ಅನ್ನು ಅದಕ್ಕೂ ಬೇರೆಯಾಗಿ ಬರೆಯಬೇಕು, ಹೇಗೆ ಬದಲಿಸಿದೆವು ಎಂದೂ ಹೇಳಬೇಕು.

ಹ್ಯಾಷ್ ಅಂದರೆ ಫೈಲಿನ ಬೆರಳಚ್ಚು

ಫೈಲಿನ ಒಳಗಿರುವುದೆಲ್ಲವನ್ನೂ ಲೆಕ್ಕ ಹಾಕಿ ಕಂಪ್ಯೂಟರ್ ಕೊಡುವ ಒಂದು ಗುರುತೇ ಹ್ಯಾಷ್. ಒಳಗೆ ಒಂದು ಚುಕ್ಕಿಯಷ್ಟು ಬದಲಾದರೂ ಹ್ಯಾಷ್ ಪೂರ್ತಿ ಬೇರೆಯಾಗುತ್ತದೆ. ನಮೂನೆಯಲ್ಲಿ SHA1, SHA256, MD5, ಇತರೆ ಎಂಬ ಆಯ್ಕೆಗಳಿವೆ. ನಾನು SHA256 ಬಿಟ್ಟು ಬೇರೆ ಬಳಸುವುದಿಲ್ಲ. ಉಳಿದ ಎರಡರಲ್ಲಿ ಬೇರೆ ಬೇರೆ ಫೈಲ್‌ಗಳಿಗೆ ಒಂದೇ ಹ್ಯಾಷ್ ಬರುವಂತೆ ಮಾಡಬಹುದು ಎಂದು ತಜ್ಞರು ಮಾಡಿಯೇ ತೋರಿಸಿದ್ದಾರೆ. ಆ ಚರ್ಚೆಗೆ ನಾವೇಕೆ ಜಾಗ ಕೊಡಬೇಕು ಅಲ್ವಾ?

ವಿಂಡೋಸ್ ಕಂಪ್ಯೂಟರಿನಲ್ಲಿ ಪವರ್‌ಶೆಲ್ ತೆರೆದು ಒಂದು ಸಾಲು ಟೈಪ್ ಮಾಡಿದರೆ ಸಾಕು. ಪೆನ್‌ಡ್ರೈವ್ E ಎಂದು ತೋರಿಸುತ್ತಿದ್ದರೆ ಹೀಗೆ:

```
Get-FileHash "E:\CAM2_20250308_0217.dav" -Algorithm SHA256 | Format-List
```

64 ಅಕ್ಷರ ಅಂಕಿಗಳ ಒಂದು ಸಾಲು ಬರುತ್ತದೆ. ಅದನ್ನು ಕೈಯಲ್ಲಿ ನಕಲು ಮಾಡಬೇಡಿ. ಒಂದು ಅಂಕಿ ತಪ್ಪಿದರೂ ಸರ್ಟಿಫಿಕೇಟ್ ಹೇಳುವ ಫೈಲ್ ಬೇರೆ, ಪೆನ್‌ಡ್ರೈವ್‌ನಲ್ಲಿರುವ ಫೈಲ್ ಬೇರೆ ಎಂದಾಗುತ್ತದೆ. ಕಾಪಿ ಮಾಡಿ ಅಂಟಿಸಿ. ಆ ಪರದೆಯ ಪ್ರಿಂಟ್ ತೆಗೆದು, ಫೈಲಿನ ಹೆಸರು, ಗಾತ್ರ, ತೆಗೆದ ದಿನ ಸಮಯ ಬರೆದು ಇಡಿ. ಇದೇ ಹ್ಯಾಷ್ ವರದಿ. ಸರ್ಟಿಫಿಕೇಟ್ ಜೊತೆ ಇದನ್ನು ಲಗತ್ತಿಸಲೇಬೇಕು ಎಂದು ನಮೂನೆಯೇ ಹೇಳುತ್ತದೆ.

ಬಂದ ಹ್ಯಾಷ್ `E3B0C442` ಎಂದು ಶುರುವಾದರೆ ಅಲ್ಲೇ ನಿಲ್ಲಿಸಿ. ಅದು ಖಾಲಿ ಫೈಲಿನ ಹ್ಯಾಷ್. ಡಿವಿಆರ್‌ನಿಂದ ಇಳಿಸುವಾಗ ಏನೋ ತಪ್ಪಾಗಿ ಹೆಸರು ಮಾತ್ರ ಬಂದಿದೆ, ಒಳಗೆ ದೃಶ್ಯ ಇಲ್ಲ.

ಫೈಲಿನ ಹೆಸರು ಬದಲಿಸಿದರೆ ಹ್ಯಾಷ್ ಬದಲಾಗುವುದಿಲ್ಲ, ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೂ ಆಗುವುದಿಲ್ಲ. ಆದರೆ ವಾಟ್ಸ್ಆಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಗಾತ್ರ ಕುಗ್ಗಿಸಲು ಹೊಸದಾಗಿ ಮಾಡಿ ಕಳಿಸುತ್ತದೆ. ಆಗ ಹ್ಯಾಷ್ ಬೇರೆಯಾಗುತ್ತದೆ. "ಅದೇ ವಿಡಿಯೋ ಸಾರ್" ಎಂದು ಮೊಬೈಲಿಗೆ ಬಂದದ್ದನ್ನು ಕೊಟ್ಟರೆ ಅದು ಡಿವಿಆರ್‌ನಿಂದ ಬಂದ ಫೈಲ್ ಅಲ್ಲ.

ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ಹ್ಯಾಷ್ ತೆಗೆದ ಗಳಿಗೆಯಿಂದ ಈಚೆಗೆ ಫೈಲ್ ಬದಲಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ. ಅದಕ್ಕೂ ಹಿಂದೆ ಏನಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಮಾರ್ಚ್‌ನಲ್ಲಿ ನಕಲು ತೆಗೆದು, ನವೆಂಬರ್‌ನಲ್ಲಿ ಹ್ಯಾಷ್ ತೆಗೆದರೆ ನಡುವಿನ ಎಂಟು ತಿಂಗಳಿಗೆ ಯಾರು ಉತ್ತರ ಕೊಡುತ್ತಾರೆ? ನಕಲು ತೆಗೆದ ಕೂಡಲೇ, ಅದೇ ಕುರ್ಚಿಯಲ್ಲಿ ಕೂತು ಹ್ಯಾಷ್ ತೆಗೆಯಿರಿ.

ಯಾವ ಸಾಧನದ ವಿವರ?

ಜಾಸ್ತಿ ತಪ್ಪಾಗುವುದು ಇಲ್ಲೇ. ನಾನೇ ಒಮ್ಮೆ ಅವಸರದಲ್ಲಿ ಕಕ್ಷಿದಾರರೊಬ್ಬರ ಸರ್ಟಿಫಿಕೇಟ್‌ನಲ್ಲಿ ಪೆನ್‌ಡ್ರೈವ್‌ನ ಕಂಪನಿ, ಬಣ್ಣ ಬರೆದುಬಿಟ್ಟೆ. ಪೆನ್‌ಡ್ರೈವ್ ನನ್ನ ಮೇಜಿನ ಮೇಲಿತ್ತು, ರೆಕಾರ್ಡ್ ಆದ ಯಂತ್ರ ಅವರ ಅಂಗಡಿಯಲ್ಲಿತ್ತು. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಈ ಪೆನ್‌ಡ್ರೈವ್‌ನಲ್ಲಿ ಕ್ಯಾಮೆರಾ ಇದೆಯೇ?" ಸಾಕ್ಷಿ ತಲೆ ತಗ್ಗಿಸಿದರು. ಆ ಮುಖ ನನಗೆ ಇನ್ನೂ ನೆನಪಿದೆ.

ನಮೂನೆ ಕೇಳುವುದು ದಾಖಲೆ ಯಾವುದರಿಂದ ತೆಗೆದದ್ದು ಎಂದು. ನಮ್ಮ ಪ್ರಕರಣದಲ್ಲಿ ಡಿವಿಆರ್ ಎಂಬ ಚೌಕದಲ್ಲಿ ಗುರುತು ಹಾಕಬೇಕು. ಕಂಪನಿ, ಮಾಡೆಲ್, ಬಣ್ಣ, ಸೀರಿಯಲ್ ನಂಬರ್ ಬರೆಯಬೇಕು. ಸೀರಿಯಲ್ ನಂಬರ್ ಸಾಮಾನ್ಯವಾಗಿ ಡಿವಿಆರ್‌ನ ತಳದ ಚೀಟಿಯಲ್ಲೂ ಅದರ ಮೆನುವಿನಲ್ಲೂ ಇರುತ್ತದೆ. ಎರಡೂ ಒಂದೇ ಇದೆಯೇ ನೋಡಿ, ಚೀಟಿಯ ಫೋಟೊ ತೆಗೆದಿಡಿ. ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಮ್ಯಾಕ್ ವಿಳಾಸ ನೆಟ್‌ವರ್ಕ್ ಮೆನುವಿನಲ್ಲಿ ಸಿಗುತ್ತದೆ, ಅದನ್ನೂ ಬರೆಯಿರಿ. ಒಳಗಿನ ಹಾರ್ಡ್ ಡಿಸ್ಕ್‌ಗೆ ಬೇರೆ ಸೀರಿಯಲ್ ನಂಬರ್ ಇರುತ್ತದೆ, ಅದನ್ನು ಇತರ ಮಾಹಿತಿಯಲ್ಲಿ ಸೇರಿಸಿ. ಪೆನ್‌ಡ್ರೈವ್ ವಿವರವೂ ಅಲ್ಲೇ ಬರಲಿ, "ನಕಲು ಇಳಿಸಿಕೊಂಡ ಪೆನ್‌ಡ್ರೈವ್" ಎಂದು ಸ್ಪಷ್ಟವಾಗಿ ಹೇಳಿ.

ರೆಕಾರ್ಡ್ ಮೊಬೈಲಿನದಾದರೆ `*#06#` ಒತ್ತಿ ಫೋನಿನ ಗುರುತು ಸಂಖ್ಯೆಯಾದ ಐಎಂಇಐ ನೋಡಿ. ಎರಡು ಸಿಮ್‌ನ ಫೋನಿಗೆ ಎರಡು ನಂಬರ್ ಬರುತ್ತವೆ, ಎರಡನ್ನೂ ಬರೆಯಿರಿ.

ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು, ಕೆಟ್ಟಿದ್ದರೂ ಅದರಿಂದ ದಾಖಲೆಗೆ ತೊಂದರೆಯಾಗಿಲ್ಲ ಎಂಬ ಮಾತು ನಮೂನೆಯಲ್ಲಿ ಅಚ್ಚಾಗಿಯೇ ಇದೆ. ಓದದೆ ಸುಮ್ನೆ ಸಹಿ ಹಾಕಬೇಡಿ. ಆ ರಾತ್ರಿ ಕರೆಂಟ್ ಹೋಗಿ ಅರ್ಧ ಗಂಟೆ ರೆಕಾರ್ಡ್ ಆಗಿಲ್ಲದಿದ್ದರೆ ಎಷ್ಟರಿಂದ ಎಷ್ಟರವರೆಗೆ ಎಂದು ಬರೆಯಿರಿ.

ಸಹಿ ಯಾರದ್ದು?

ಸಾಧನ ಅಥವಾ ಅದಕ್ಕೆ ಸಂಬಂಧಿಸಿದ ಕೆಲಸ ಯಾರ ಉಸ್ತುವಾರಿಯಲ್ಲಿದೆಯೋ ಅವರದ್ದು. ನಮೂನೆಯಲ್ಲಿ ನಾಲ್ಕು ಮಾತುಗಳಿವೆ: ಸಾಧನ ನನ್ನ ಒಡೆತನದ್ದು, ನಾನು ನಿರ್ವಹಣೆ ಮಾಡುವುದು, ನಾನು ಆಡಳಿತ ನೋಡುವುದು, ನಾನು ನಡೆಸುವುದು. ನಿಜಕ್ಕೆ ಹೊಂದುವುದನ್ನು ಮಾತ್ರ ಉಳಿಸಿಕೊಳ್ಳಿ. ಗೋದಾಮಿನ ಯಜಮಾನರು ಒಡೆಯರು. ದಿನಾ ಡಿವಿಆರ್ ನೋಡಿಕೊಳ್ಳುವ ರೈಟರ್ ಸಹಿ ಹಾಕುವುದಾದರೆ ಅವರು ನಡೆಸುವವರು. ಯಜಮಾನರು ಊರಲ್ಲಿ ಇಲ್ಲವೆಂದು ಡಿವಿಆರ್ ಮುಟ್ಟಿಯೂ ಗೊತ್ತಿಲ್ಲದ ಮಗನಿಂದ ಸಹಿ ಹಾಕಿಸಬೇಡಿ. ವಕೀಲರಂತೂ ಹಾಕಲೇಬಾರದು. ಸಹಿ ಹಾಕಿದವರನ್ನೇ ಕಟಕಟೆಗೆ ಕರೆದು ಕೇಳಬಹುದು ಎಂಬುದು ನೆನಪಿರಲಿ. ಸಹಿಯ ಜೊತೆ ದಿನಾಂಕ, 24 ಗಂಟೆ ಲೆಕ್ಕದಲ್ಲಿ ಸಮಯ, ಸ್ಥಳ ಬರೆಯಬೇಕು.

ಇನ್ನು ಭಾಗ ಬಿ. ಹಳೆಯ ಕಾನೂನಿನಲ್ಲಿ ಪರಿಣತರ ಸಹಿ ಬೇಕಿರಲಿಲ್ಲ, ಇದು ಹೊಸತು. ಆದರೆ ಪರಿಣತರು ಅಂದರೆ ಯಾರು ಎಂದು 63ನೇ ಕಲಂ ಬಿಡಿಸಿ ಹೇಳಿಲ್ಲ. 39ನೇ ಕಲಂ ಸರ್ಕಾರ ಅಧಿಸೂಚಿಸಿದ ಎಲೆಕ್ಟ್ರಾನಿಕ್ ಸಾಕ್ಷ್ಯ ಪರೀಕ್ಷಕರ ಬಗ್ಗೆ ಹೇಳುತ್ತದೆ. ಸಾಮಾನ್ಯ ಜನರ ಸಿವಿಲ್ ದಾವೆಗೆ ಅವರನ್ನು ಎಲ್ಲಿಂದ ತರುವುದು ಎಂಬ ಕಷ್ಟ ನಿಜವಾದದ್ದು, ಕಾನೂನು ಇದನ್ನು ಇನ್ನಷ್ಟು ಸ್ಪಷ್ಟ ಮಾಡಬೇಕಿತ್ತು. ನನ್ನ ಸಲಹೆ ಇಷ್ಟು: ಓದು, ಅನುಭವ ಎರಡನ್ನೂ ಕಾಗದದಲ್ಲಿ ತೋರಿಸಬಲ್ಲ, ಪಾಟೀಸವಾಲಿಗೆ ಹೆದರದೆ ಬರುವವರನ್ನು ಹಿಡಿಯಿರಿ. ದಾಖಲೆ ಈ ಸಾಧನದಿಂದಲೇ ಬಂದದ್ದು ಎಂದು ಅವರೂ ಹೇಳಬೇಕಾದ್ದರಿಂದ ನಕಲು ತೆಗೆಯುವಾಗಲೇ ಅವರು ಅಲ್ಲಿದ್ದರೆ ಒಳ್ಳೆಯದು. ಹ್ಯಾಷನ್ನು ಅವರೇ ಮತ್ತೊಮ್ಮೆ ತೆಗೆಯಲಿ. ಎ ಮತ್ತು ಬಿ ಎರಡರಲ್ಲೂ ಒಂದೇ ಸಾಲು ಬರಬೇಕು.

ಸಾಧನ ಬೇರೆಯವರದಾದರೆ

ದೃಶ್ಯ ಎದುರುಗಡೆ ಬ್ಯಾಂಕಿನ ಕ್ಯಾಮೆರಾದಲ್ಲಿದ್ದರೆ ಸರ್ಟಿಫಿಕೇಟ್ ಅವರೇ ಕೊಡಬೇಕು. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಕೋರ್ಟಿಗೇ ಅರ್ಜಿ ಹಾಕಿ ತರಿಸಿಕೊಡಿ ಎಂದು ಕೇಳಬಹುದು. 2020ರ ಜುಲೈನಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿ ತೋರಿಸಿತು. ಮೂಲ ಸಾಧನವನ್ನೇ ಅದರ ಒಡೆಯರು ಕಟಕಟೆಗೆ ತಂದು ರುಜುವಾತು ಮಾಡಿದರೆ ಸರ್ಟಿಫಿಕೇಟ್ ಬೇಡ ಎಂದೂ ಹಳೆಯ ಕಾನೂನಿನಡಿ ಅದೇ ತೀರ್ಪು ಹೇಳಿದೆ. ಹಾಗಾಗಿ ಡಿವಿಆರ್ ಹಾರ್ಡ್ ಡಿಸ್ಕ್ ಬಿಚ್ಚಿಸಿ, ಮೊಹರು ಮಾಡಿ ತೆಗೆದಿಟ್ಟು, ಯಂತ್ರಕ್ಕೆ ಹೊಸ ಡಿಸ್ಕ್ ಹಾಕಿಸಿಕೊಳ್ಳಿ. ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ.

ಸರ್ಟಿಫಿಕೇಟ್ ಕೊಡುವುದು ಮರೆತೇ ಹೋಗಿದ್ದರೂ ಎಲ್ಲ ಮುಗಿಯಲಿಲ್ಲ. 2008ರ ಬೆಂಗಳೂರು ಸರಣಿ ಸ್ಫೋಟದ ಕೇಸಿನಲ್ಲಿ ತಡವಾಗಿ ಸಲ್ಲಿಸಿದ 65ಬಿ ಸರ್ಟಿಫಿಕೇಟನ್ನು ವಿಚಾರಣಾ ಕೋರ್ಟೂ ಹೈಕೋರ್ಟೂ ಒಪ್ಪಿರಲಿಲ್ಲ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರದ ಮೇಲ್ಮನವಿ ಒಪ್ಪಿ ಅದನ್ನು ದಾಖಲೆಗೆ ತೆಗೆದುಕೊಳ್ಳಲು ಬಿಟ್ಟಿತು. ವಿಚಾರಣೆ ಇನ್ನೂ ಮುಗಿದಿರಲಿಲ್ಲ ಎಂಬುದೇ ಅಲ್ಲಿ ಮುಖ್ಯವಾಯಿತು.

ಮುಂದೆ ಅದೇ ದಾವೆಯಲ್ಲಿ ಮೂರನೇ ಕ್ಯಾಮೆರಾದ ದೃಶ್ಯವನ್ನೂ ಕೊಡಬೇಕೆನಿಸಿದರೆ ಹಳೆಯ ಸರ್ಟಿಫಿಕೇಟ್ ಸಾಲದು. ಪ್ರತಿ ಸಲ ಎಲೆಕ್ಟ್ರಾನಿಕ್ ದಾಖಲೆ ಕೊಡುವಾಗಲೂ ಜೊತೆಗೆ ಸರ್ಟಿಫಿಕೇಟ್ ಇರಬೇಕು ಎನ್ನುತ್ತದೆ ಕಲಂ 63. ಹೊಸ ಫೈಲ್, ಹೊಸ ಹ್ಯಾಷ್, ಎರಡೂ ಭಾಗಕ್ಕೆ ಮತ್ತೆ ಸಹಿ.