ಐಸ್‌ಕ್ರೀಮ್ ತಿಂದಾಗ ಹಣೆಗೆ ಚುಚ್ಚಿದರೆ ಹೀಗೆ ಮಾಡಿ

ಮಂಗಳೂರಿನ ಬಿಸಿಲಲ್ಲಿ ಸುತ್ತಾಡಿ ಬಂದು ಗಡ್‌ಬಡ್ ಕೈಗೆ ಸಿಕ್ಕಿದರೆ ನಿಧಾನವಾಗಿ ತಿನ್ನೋಕೆ ಯಾರಿಗೆ ಮನಸ್ಸು ಬರುತ್ತದೆ? ದೊಡ್ಡ ದೊಡ್ಡ ಚಮಚ ಗಬಗಬ ಇಳಿಸುತ್ತೇವೆ. ನಾಲ್ಕನೇ ಚಮಚ ಗಂಟಲು ದಾಟುವಷ್ಟರಲ್ಲಿ ಹಣೆಗೆ ಯಾರೋ ಮೊಳೆ ಹೊಡೆದ ಹಾಗೆ ಆಗುತ್ತದೆ.

ಮೊದಲು ಚಮಚ ಕೆಳಗಿಡಿ. ಬಾಯಲ್ಲಿ ಉಳಿದದ್ದನ್ನು ಅಂಗುಳಕ್ಕೆ ತಾಗಿಸಿಕೊಂಡು ಇಟ್ಟುಕೊಳ್ಳಬೇಡಿ, ನುಂಗಿಬಿಡಿ. ಆಮೇಲೆ ನಾಲಗೆಯನ್ನು ಮೇಲಕ್ಕೆತ್ತಿ ಅಂಗುಳಕ್ಕೆ ಒತ್ತಿ ಹಿಡಿಯಿರಿ, ಆದಷ್ಟು ಹಿಂದಕ್ಕೆ. ಪಕ್ಕದಲ್ಲಿ ಉಗುರುಬೆಚ್ಚಗಿನ ನೀರಿದ್ದರೆ ಒಂದು ಗುಟುಕು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಕುಡಿಯಿರಿ.

ನೋವು ಹಣೆಯಲ್ಲಿ, ಉಪಚಾರ ಬಾಯಿಗೆ! ಯಾಕೆಂದರೆ ತೊಂದರೆ ಶುರುವಾಗಿದ್ದೇ ಅಲ್ಲಿ. ಅಂಗುಳ ಮತ್ತು ಗಂಟಲಿನ ಹಿಂಭಾಗದಲ್ಲಿ ಸಣ್ಣ ರಕ್ತನಾಳಗಳು ಚರ್ಮಕ್ಕೆ ತೀರಾ ಹತ್ತಿರ ಇವೆ. ದಿಢೀರ್ ತಣ್ಣಗಾದಾಗ ಅವು ಮುದುಡಿಕೊಳ್ಳುತ್ತವೆ, ಆ ಜಾಗವನ್ನು ಮತ್ತೆ ಬೆಚ್ಚಗೆ ಮಾಡಲು ಅಷ್ಟೇ ಬೇಗ ಹಿಗ್ಗುತ್ತವೆ. ಈ ಏರುಪೇರಿನ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಹಣೆಯ ಸುದ್ದಿ ಒಯ್ಯುವುದೂ ಇದೇ ನರ, ಹಾಗಾಗಿ ಮಿದುಳು ವಿಳಾಸ ತಪ್ಪಿ ಹಣೆ ನೋಯುತ್ತಿದೆ ಅಂದುಕೊಳ್ಳುತ್ತದೆ. ಹೃದಯಾಘಾತದಲ್ಲಿ ಎಡಗೈ ನೋಯುವುದೂ ಇಂಥದ್ದೇ ಗೊಂದಲ. ಬ್ರೇನ್ ಫ್ರೀಜ್ ಅಂತ ಹೆಸರಿದ್ದರೂ ಮಿದುಳೇನೂ ತಣ್ಣಗಾಗುವುದಿಲ್ಲ, ಮಕ್ಕಳು ಹೆದರಿದರೆ ಇದನ್ನು ಹೇಳಿ.

ಈ ನೋವು ಸಾಮಾನ್ಯವಾಗಿ ಒಂದು ನಿಮಿಷದಲ್ಲಿ ತಾನಾಗೇ ಬಿಟ್ಟುಹೋಗುತ್ತದೆ, ಯಾಕೆ? ಅಂಗುಳಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ನಾಲಗೆ ಪಕ್ಕದಲ್ಲೇ ಬೆಚ್ಚಗಿದೆ. ತಣ್ಣನೆಯದು ಹೊಟ್ಟೆಗೆ ಇಳಿದ ಮೇಲೆ ಆ ಜಾಗ ಬೇಗ ಮೈಯ ಬಿಸಿಗೆ ಮರಳುತ್ತದೆ, ರಕ್ತನಾಳಗಳೂ ಮೊದಲಿನ ಅಳತೆಗೆ ಬರುತ್ತವೆ, ನರ ಸುಮ್ಮನಾಗುತ್ತದೆ. ನಾಲಗೆ ಒತ್ತುವುದು, ಬೆಚ್ಚನೆ ನೀರು ಕುಡಿಯುವುದು ಇದನ್ನೇ ಸ್ವಲ್ಪ ಬೇಗ ಮಾಡಿಸುವ ದಾರಿ. ಏನೂ ಮಾಡದೆ ಸುಮ್ನೆ ಕೂತರೂ ಹೋಗುತ್ತದೆ.

ಮತ್ತೆ ಬರಬಾರದು ಅಂದರೆ ವೇಗ ಇಳಿಸಿ, ಐಸ್‌ಕ್ರೀಮ್ ಬಿಡಬೇಕಾಗಿಲ್ಲ. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಶಾಲಾ ಮಕ್ಕಳಿಗೆ 100 ಮಿಲಿಲೀಟರ್ ಐಸ್‌ಕ್ರೀಮ್ ಕೊಟ್ಟು ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. 5 ಸೆಕೆಂಡಿನೊಳಗೆ ಮುಗಿಸಬೇಕಿದ್ದವರಲ್ಲಿ ಶೇ 27 ಮಂದಿಗೆ ತಲೆ ನೋಯಿತು, 30 ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಂಡವರಲ್ಲಿ ಶೇ 13 ಮಂದಿಗೆ. ನಿಧಾನವಾಗಿ ತಿಂದರೂ ಪೂರ್ತಿ ತಪ್ಪುವುದಿಲ್ಲ, ಆದರೆ ಅರ್ಧದಷ್ಟಾಗುತ್ತದೆ, ಅಲ್ವಾ? ಚಿಕ್ಕ ಚಮಚ ತಗೊಳ್ಳಿ, ನಾಲಗೆಯ ತುದಿಯಲ್ಲಿ ಕರಗಿಸಿ ಆಮೇಲೆ ಹಿಂದಕ್ಕೆ ಬಿಡಿ. ಸ್ಟ್ರಾದಲ್ಲಿ ಮಿಲ್ಕ್‌ಶೇಕ್ ಹೀರುವಾಗ ಸ್ಟ್ರಾದ ತುದಿ ಅಂಗುಳದ ಕಡೆ ಇರದಂತೆ, ಕೆನ್ನೆಯ ಕಡೆ ತಿರುಗಿಸಿಕೊಳ್ಳಿ.

ಮೈಗ್ರೇನ್ ಇರುವವರಿಗೆ ಈ ನೋವು ಜಾಸ್ತಿ ಬರುತ್ತದೆ. ತಣ್ಣನೆಯದು ಬಿಟ್ಟು ಹತ್ತು ನಿಮಿಷವಾದರೂ ನೋವು ಹೋಗದಿದ್ದರೆ, ಅಥವಾ ತಣ್ಣನೆಯದನ್ನು ಮುಟ್ಟದಿದ್ದಾಗಲೂ ಹೀಗೇ ದಿಢೀರ್ ಅಂತ ತಲೆ ಸಿಡಿದರೆ, ಅದು ಐಸ್‌ಕ್ರೀಮ್ ತಲೆನೋವಲ್ಲ. ತಡಮಾಡದೆ ಡಾಕ್ಟರಿಗೆ ತೋರಿಸಿ.