ತಣ್ಣನೆ ಕೋಣೆ, ಬೆಚ್ಚನೆ ಪಾದ: ರಾತ್ರಿ ಮೈಯ ಶಾಖ ಇಳಿಯಲು ದಾರಿ ಮಾಡಿಕೊಡುವುದು ಹೇಗೆ?

ಮೈಯೊಳಗಿನ ಶಾಖ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ಸಂಜೆಯ ಹೊತ್ತಿಗೆ ಅತಿ ಹೆಚ್ಚು, ಬೆಳಗಿನ ಜಾವ ನಾಲ್ಕೈದು ಗಂಟೆಗೆ ಅತಿ ಕಡಿಮೆ. ನಡುವಿನ ಅಂತರ ಸುಮಾರು 1 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಆದರೂ ಆ ಒಂದು ಡಿಗ್ರಿ ಇಳಿಯತೊಡಗಿದಾಗಲೇ ಕಣ್ಣು ಎಳೆಯುವುದು. ಇಳಿಯುವುದು ತಡವಾದರೆ, ಎಷ್ಟೇ ದಣಿದಿದ್ದರೂ ಹಾಸಿಗೆಯಲ್ಲಿ ಹೊರಳಾಡುತ್ತೇವೆ.

ಈ ಶಾಖ ಹೊರಹೋಗುವುದು ಮುಖ್ಯವಾಗಿ ಅಂಗೈ, ಅಂಗಾಲುಗಳ ಮೂಲಕ. ಮಲಗುವ ಹೊತ್ತು ಹತ್ತಿರವಾದಂತೆ ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ. ಒಳಗಿನ ಬಿಸಿರಕ್ತ ಚರ್ಮದವರೆಗೆ ಬಂದು, ಗಾಳಿಗೆ ಶಾಖ ಬಿಟ್ಟು, ತಣಿದು ಹಿಂತಿರುಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ವರದಿ ಮಾಡಿದರು: ಕೈಕಾಲುಗಳಿಂದ ಶಾಖ ಚೆನ್ನಾಗಿ ಹೊರಹೋಗುತ್ತಿದ್ದವರಿಗೆ ನಿದ್ದೆ ಬೇಗ ಹತ್ತಿತು. ಹಾಗಾಗಿ ಮೈಯನ್ನು ತಣಿಸುವ ಕೆಲಸ ಮೈಯದೇ. ಅದು ಬಿಡುವ ಶಾಖವನ್ನು ತೆಗೆದುಕೊಳ್ಳುವಷ್ಟು ತಂಪು ಸುತ್ತಲಿನ ಗಾಳಿಯಲ್ಲಿದ್ದರೆ ಸಾಕು. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದ ಮೇಲೆ ನಿಂತಿವೆ.

ಮೊದಲು ಅಳೆಯಿರಿ

ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಸಣ್ಣ ಡಿಜಿಟಲ್ ಮಾಪಕವನ್ನು ದಿಂಬಿನ ಎತ್ತರದಲ್ಲಿಡಿ. ಗೋಡೆಗೆ ತಾಗಿಸಬೇಡಿ, ಫ್ಯಾನಿನ ನೇರಕ್ಕೂ ಬೇಡ. ಮಲಗುವಾಗ ಒಮ್ಮೆ, ರಾತ್ರಿ ಎಚ್ಚರವಾದರೆ ಒಮ್ಮೆ, ಬೆಳಿಗ್ಗೆ ಏಳುವಾಗ ಒಮ್ಮೆ ಅಂಕಿ ಬರೆದಿಟ್ಟುಕೊಳ್ಳಿ.

ಮಲಗುವ ಕೋಣೆ 16ರಿಂದ 19 ಡಿಗ್ರಿ ಇರಬೇಕು ಎಂಬ ಸಲಹೆಯನ್ನು ನೀವು ಓದಿರಬಹುದು. ಆ ಅಂಕಿ ದಪ್ಪ ಹೊದಿಕೆ ಹೊದ್ದು ಮಲಗುವವರಿಗೆ. ಹೊದಿಕೆಯಿಲ್ಲದೆ ಬರಿಮೈಯಲ್ಲಿ ಮಲಗಿದವರಿಗೆ 29–30 ಡಿಗ್ರಿಯೂ ಹಿತವೇ. ನಿಜವಾಗಿ ಲೆಕ್ಕಕ್ಕೆ ಬರುವುದು ಹೊದಿಕೆ ಮತ್ತು ಚರ್ಮದ ನಡುವಿನ ಗಾಳಿ. ಅದು 32–34 ಡಿಗ್ರಿಯ ಆಸುಪಾಸಿನಲ್ಲಿದ್ದು, ಒಣಗಿದ್ದರೆ ನಿದ್ದೆ ಕೆಡದು. ಕೋಣೆ ಬೆಚ್ಚಗಿದ್ದಷ್ಟೂ ಹೊದಿಕೆ ತೆಳುವಾಗಬೇಕು. ಹೊರಗಿನ ಅಂಕಿಯನ್ನೇ ಗುರಿ ಮಾಡಿಕೊಂಡು ಒದ್ದಾಡುವುದು ವ್ಯರ್ಥ.

ಕೋಣೆಯನ್ನು ತಣಿಸುವುದು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೇಲಿನ ಅಂತಸ್ತಿನ ಕೋಣೆ, ಪಡುವಣಕ್ಕೆ ಗೋಡೆ, ಮೇಲೆ ಕಾಂಕ್ರೀಟ್ ತಾರಸಿ. ಮಲಗುವ ಹೊತ್ತು ರಾತ್ರಿ 11. ಸಂಜೆ 7ಕ್ಕೆ ಒಳಗೆ 32 ಡಿಗ್ರಿ, ಹೊರಗೂ 32. ಎಂಟು ಗಂಟೆಗೆ ಹೊರಗೆ 29ಕ್ಕೆ ಇಳಿಯಿತು, ಒಳಗೆ ಇನ್ನೂ 32.

ಹಗಲಲ್ಲಿ ಹೊರಗಿನ ಗಾಳಿ ಒಳಗಿಗಿಂತ ಬಿಸಿಯಿರುವಷ್ಟು ಹೊತ್ತೂ ಕಿಟಕಿ ಮುಚ್ಚಿ, ಬಿಸಿಲು ಬೀಳುವ ಕಡೆ ಪರದೆ ಎಳೆದಿರಬೇಕು. ಹೊರಗಿನ ಅಂಕಿ ಒಳಗಿನದಕ್ಕಿಂತ ಕೆಳಗಿಳಿದ ಕೂಡಲೇ, ಅಂದರೆ ಇಲ್ಲಿ ಏಳು ದಾಟಿದ ಮೇಲೆ, ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಒಂದು ಟೇಬಲ್ ಫ್ಯಾನನ್ನು ಒಂದು ಕಿಟಕಿಯ ಬಳಿ ಹೊರಮುಖವಾಗಿ ಇಡಿ. ಅದು ಬಿಸಿಗಾಳಿಯನ್ನು ಆಚೆ ತಳ್ಳುತ್ತದೆ, ಇನ್ನೊಂದು ಕಿಟಕಿಯಿಂದ ತಂಪು ಗಾಳಿ ತಾನಾಗಿ ಒಳಬರುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಅರ್ಧ ಗಂಟೆಯಲ್ಲಿ ಮಾಪಕ 29ಕ್ಕೆ ಇಳಿದಿದ್ದನ್ನು ನೋಡಿ ಕಿಟಕಿ ಮುಚ್ಚುತ್ತಾರೆ. ಮಲಗುವ ಹೊತ್ತಿಗೆ ಅದು ಮತ್ತೆ 31 ಆಗಿರುತ್ತದೆ. ತಣಿದದ್ದು ಗಾಳಿ ಮಾತ್ರ. ಹಗಲಿಡೀ ಶಾಖ ಹೀರಿದ ಗೋಡೆ ಮತ್ತು ತಾರಸಿ ಅದನ್ನು ರಾತ್ರಿ ಒಳಗೆ ಬಿಡುತ್ತಲೇ ಇರುತ್ತವೆ. ಪರೀಕ್ಷೆ ಸುಲಭ: ಅಂಗೈಯನ್ನು ಪಡುವಣ ಗೋಡೆಗೆ ಒತ್ತಿ ನೋಡಿ, ಬಿಸಿ ಇನ್ನೂ ತಟ್ಟುತ್ತಿದ್ದರೆ ಗಾಳಿಯಾಟ ಮುಂದುವರಿಯಬೇಕು. ಇಂಥ ಕೋಣೆಗೆ ಎರಡು ಮೂರು ಗಂಟೆಯಾದರೂ ಬೇಕು. ಮಂಚವನ್ನು ಆ ಗೋಡೆಯಿಂದ ದೂರ ಸರಿಸುವುದೂ ಒಳ್ಳೆಯದು. 11ಕ್ಕೆ 28 ಡಿಗ್ರಿ ಮುಟ್ಟಿದರೆ, ತೆಳು ಹತ್ತಿಯ ಹೊದಿಕೆ ಮತ್ತು ಮೈಮೇಲೆ ಹಾಯುವ ಫ್ಯಾನ್ ಗಾಳಿ ಉಳಿದ ಕೆಲಸ ಮಾಡುತ್ತವೆ.

ತೇವಾಂಶ ಹೆಚ್ಚಿದ್ದಾಗ ಬೆವರು ಆರುವುದಿಲ್ಲ. ಆರದ ಬೆವರು ಮೈಯನ್ನು ತಣಿಸದು. ಅಂಥ ರಾತ್ರಿ ಕೋಣೆಯಲ್ಲಿ ಒದ್ದೆ ಬಟ್ಟೆ ನೇತುಹಾಕಿದರೆ ಸೆಕೆ ಇನ್ನಷ್ಟು ಹೆಚ್ಚುತ್ತದೆ. ಒದ್ದೆ ಬಟ್ಟೆಯ ಉಪಾಯ ಒಣಹವೆಗೆ ಮಾತ್ರ. ಇನ್ನು ಕೋಣೆ 35 ಡಿಗ್ರಿ ದಾಟಿದ್ದರೆ ಗಾಳಿಯೇ ಚರ್ಮದಷ್ಟು ಬಿಸಿಯಾಗಿರುತ್ತದೆ. ಆಗ ಬರೀ ಫ್ಯಾನನ್ನು ನಂಬಬೇಡಿ, ಕೈಕಾಲು ಒದ್ದೆ ಮಾಡಿಕೊಂಡು ಅದರ ಮುಂದೆ ಕೂರಿ.

ಮೈಯನ್ನು ಸಿದ್ಧಗೊಳಿಸುವುದು

ಮಲಗುವ ಮುನ್ನ ತಣ್ಣೀರು ಸುರಿದುಕೊಂಡರೆ ನಿದ್ದೆ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ತೀರಾ ತಣ್ಣನೆ ನೀರು ತಗುಲಿದರೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಹೊರಗೆ ತಂಪೆನಿಸಿದರೂ ಒಳಗಿನ ಶಾಖಕ್ಕೆ ಬಾಗಿಲು ಮುಚ್ಚಿದಂತಾಗುತ್ತದೆ. ಬಿಸಿನೀರು ಇದಕ್ಕೆ ತದ್ವಿರುದ್ಧ. 40ರಿಂದ 42 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೆ ನಾಳಗಳು ಹಿಗ್ಗುತ್ತವೆ, ಹೊರಬಂದ ಮೇಲೆ ಶಾಖ ಬೇಗ ಇಳಿಯುತ್ತದೆ. ಆದರೆ ಹೊತ್ತು ಮುಖ್ಯ: ಮಲಗುವುದಕ್ಕೆ ಒಂದರಿಂದ ಎರಡು ಗಂಟೆ ಮೊದಲು. ನಮ್ಮ ಉದಾಹರಣೆಯಲ್ಲಿ 9ರಿಂದ 10ರೊಳಗೆ. ಸ್ನಾನ ಮುಗಿಸಿ ನೇರ ಹಾಸಿಗೆಗೆ ಹೋದರೆ ಏರಿದ ಶಾಖ ಇಳಿಯಲು ಸಮಯವೇ ಸಿಗದು. ಕಸರತ್ತನ್ನೂ ಇದೇ ಕಾರಣಕ್ಕೆ ಮಲಗುವ ಮುಂಚಿನ ಗಂಟೆಯಿಂದ ದೂರವಿಡಿ.

ಪಾದ ಸದಾ ತಣ್ಣಗಿರುವವರು ತಂಪು ಕೋಣೆಯಲ್ಲೂ ನಿದ್ದೆಯಿಲ್ಲದೆ ಕಷ್ಟಪಡುತ್ತಾರೆ. ಅಲ್ಲಿನ ನಾಳಗಳು ಕುಗ್ಗಿರುವುದರಿಂದ ಶಾಖ ಒಳಗೇ ಉಳಿದಿರುತ್ತದೆ. ಅವರಿಗೆ ಕೋಣೆಯನ್ನು ಇನ್ನಷ್ಟು ತಣಿಸುವುದು ಮದ್ದಲ್ಲ. ಸಡಿಲವಾದ ಕಾಲುಚೀಲ ಬೇಕು, ಅಥವಾ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಪಾದ ಮುಳುಗಿಸಿಡಬೇಕು.

ಎಚ್ಚರವಾದ ಹೊತ್ತೇ ಸುಳಿವು

ಮಲಗಿದ ಒಂದೆರಡು ಗಂಟೆಯಲ್ಲಿ ಬೆನ್ನು ಬೆವರಿ ಎಚ್ಚರವಾದರೆ ತಪ್ಪು ಹೆಚ್ಚಾಗಿ ಹಾಸಿಗೆಯದು. ಒತ್ತಿದರೆ ಕುಳಿ ಬೀಳುವ ಮೆಮೊರಿ ಫೋಮ್ ಮೈಯನ್ನು ತಬ್ಬಿಕೊಂಡು ಶಾಖ ಹಿಡಿದಿಡುತ್ತದೆ. ಮೇಲೆ ಹತ್ತಿಯ ತೆಳು ಗಾದಿ ಹಾಸಿ ನೋಡಿ. ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಇದ್ದರೆ ತೆಗೆಯಿರಿ.

ನಾಲ್ಕು ಗಂಟೆಗೆ ಚಳಿಯಾಗಿ ಎಚ್ಚರವಾಗುವುದು ಏಸಿ ಹಾಕಿಕೊಳ್ಳುವವರ ದೂರು. ಆಗ ಮೈಯ ಶಾಖ ದಿನದ ಕನಿಷ್ಠ ಮಟ್ಟದಲ್ಲಿರುತ್ತದೆ. ಜೊತೆಗೆ ರಾತ್ರಿಯ ಕೊನೆಯ ಭಾಗದಲ್ಲಿ ಕನಸಿನ ನಿದ್ದೆ ಹೆಚ್ಚು; ಆ ನಿದ್ದೆಯಲ್ಲಿ ಬೆವರುವ, ನಡುಗುವ ಶಕ್ತಿ ಬಹುಮಟ್ಟಿಗೆ ನಿಂತಿರುತ್ತದೆ. ಹನ್ನೊಂದಕ್ಕೆ ಹಿತವಾಗಿದ್ದ ತಂಪು ಆಗ ಅತಿಯಾಗುತ್ತದೆ. ಎರಡು ಗಂಟೆಯ ಹೊತ್ತಿಗೆ 1–2 ಡಿಗ್ರಿ ಏರುವಂತೆ ಟೈಮರ್ ಹೊಂದಿಸಿ, ಇಲ್ಲವೇ ಇನ್ನೊಂದು ಹೊದಿಕೆಯನ್ನು ಕಾಲ ಬಳಿ ಮಡಚಿಡಿ. ಏಸಿಯನ್ನು ಪೂರ್ತಿ ಆರಿಸಿದರೆ ಗೋಡೆಯ ಶಾಖ ಮತ್ತೆ ತಲೆ ಎತ್ತುತ್ತದೆ.

ವಯಸ್ಸಾದವರ ಮೈ ತಾಪದ ಏರಿಳಿತಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಅವರಿಗೆ ಕೋಣೆ ತುಸು ಬೆಚ್ಚಗಿರಲಿ. ಎಳೆಗೂಸುಗಳಿಗೆ ಮಲಗಿಸುವಾಗ ಟೋಪಿ, ದಪ್ಪ ಹೊದಿಕೆ ಬೇಡ. ಅತಿಯಾದ ಶಾಖ ಅವಕ್ಕೆ ಅಪಾಯ. ಕೂಸಿನ ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಕೈಕಾಲು ತಣ್ಣಗಿರುವುದು ಸಹಜ, ಅದನ್ನು ನೋಡಿ ಹೊದಿಸಬೇಡಿ. ಕೋಣೆ ತಂಪಾಗಿದ್ದು, ಹೊದಿಕೆ ತೆಳುವಾಗಿದ್ದರೂ ವಾರಗಟ್ಟಲೆ ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರುತ್ತಿದ್ದರೆ, ಜೊತೆಗೆ ಜ್ವರವೋ ತೂಕ ಇಳಿಕೆಯೋ ಇದ್ದರೆ, ವೈದ್ಯರನ್ನು ಕಾಣಿ.