ಸ್ವೆಟರ್ ಕಳಚಿಡಿ, ಹಿತ್ತಾಳೆ ಕಂಬ ಎಣಿಸಿ

ಸಂಕ್ರಾಂತಿಯ ಆಸುಪಾಸಿನಲ್ಲಿ ಶಿರಸಿ ಕಡೆಯ ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ. ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ತುಟಿ ಒಡೆಯುವಂಥ ಒಣಗಾಳಿ. ರಾತ್ರಿ ದೀಪ ಆರಿಸಿ ಸ್ವೆಟರ್ ತೆಗೆದರೆ ಚಟಚಟ ಸದ್ದು, ಜೊತೆಗೆ ಸಣ್ಣ ನೀಲಿ ಕಿಡಿ. ಅಂಥದೇ ಒಂದು ಸಂಜೆ ನನ್ನ ಭಾವ ಹಳೆಯ ಕ್ಯಾಬಿನೆಟ್ಟಿಗೆ ಹೊಸ ಮದರ್‌ಬೋರ್ಡ್ ಕೂರಿಸಿ, ಬಟನ್ ಒತ್ತಿ, ಮರುಕ್ಷಣವೇ ನನಗೆ ಫೋನ್ ಮಾಡಿದ. ಪ್ರೊಸೆಸರ್ ಮೇಲಿನ ಫ್ಯಾನ್ ಕಾಲು ಸುತ್ತು ತಿರುಗಿ ನಿಂತುಬಿಟ್ಟಿತಂತೆ.

"ಸ್ವೆಟರ್ ಹಾಕ್ಕಂಡೇ ಕೆಲಸ ಮಾಡಿದ್ದಿ ಭಾವಾ. ಕರೆಂಟ್ ಹೊಡೆದು ಬೋರ್ಡ್ ಸುಟ್ಟೋತ ಎಂತದೋ" ಎಂದ. ದನಿಯಲ್ಲಿ ಒಂದು ಕ್ವಿಂಟಲ್ ಅಡಿಕೆ ಮಳೆಗೆ ಸಿಕ್ಕಷ್ಟು ಸಂಕಟ.

ಬೋರ್ಡ್ ಸುಟ್ಟಿರಲಿಲ್ಲ. ತಪ್ಪು ಬೇರೆಲ್ಲೋ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಅವನ ಹೆದರಿಕೆ ಸುಳ್ಳಲ್ಲ. ಆದ್ದರಿಂದ ಮೊದಲು ಸ್ವೆಟರಿನ ವಿಷಯ.

ಕಿಡಿ ಎಲ್ಲಿಂದ ಬರುತ್ತದೆ

ಎರಡು ವಸ್ತು ತಾಗಿ ಬೇರೆಯಾದಾಗ ಒಂದರ ಚಾರ್ಜ್ ಇನ್ನೊಂದಕ್ಕೆ ಹೋಗುತ್ತದೆ. ಉಣ್ಣೆ, ಪಾಲಿಯೆಸ್ಟರ್, ಪ್ಲಾಸ್ಟಿಕ್ ಕುರ್ಚಿ, ಥರ್ಮೋಕೋಲ್ ಇವೆಲ್ಲ ಇದರಲ್ಲಿ ಮುಂದು. ಗಾಳಿಯಲ್ಲಿ ತೇವ ಇದ್ದರೆ ವಸ್ತುಗಳ ಮೈಮೇಲೆ ಕಾಣದಷ್ಟು ತೆಳುವಾದ ನೀರಿನ ಪದರ ಕೂತು ಆ ಚಾರ್ಜನ್ನು ಮೆಲ್ಲಗೆ ಹರಿದುಹೋಗಲು ಬಿಡುತ್ತದೆ. ಹಾಗಾಗಿಯೇ ಕಾರವಾರ, ಅಂಕೋಲೆಯ ಕಡೆಯವರಿಗೆ ಈ ಕಾಟ ಕಡಿಮೆ. ಅಲ್ಲಿ ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡಿಯುವುದೇ ದೊಡ್ಡ ಚಿಂತೆ. ಆದರೆ ಕಾರವಾರದಲ್ಲೂ ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯ ಗಾಳಿ ಹೊರಗಿನಷ್ಟು ತೇವವಾಗಿ ಇರುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಸಮುದ್ರ ಹತ್ತಿರವಿದೆ ಎಂದು ನಿಶ್ಚಿಂತರಾಗಬೇಡಿ.

ಬೆರಳಿಗೆ ಚುರ್ ಅನ್ನಿಸಬೇಕಾದರೆ ಮೈಯಲ್ಲಿ ಸುಮಾರು 3000 ವೋಲ್ಟ್ ಸೇರಿರಬೇಕು. ಚಿಪ್ಪಿಗೆ ಪೆಟ್ಟಾಗಲು ಅಷ್ಟು ಬೇಡ, ಕೆಲವಕ್ಕೆ ಕೆಲವು ನೂರು ವೋಲ್ಟ್ ಸಾಕು. ಅಂದರೆ ನಮಗೆ ಏನೂ ಗೊತ್ತಾಗದೆಯೇ ಅದಕ್ಕೆ ಪೆಟ್ಟಾಗಿರಬಹುದು. "ನನಗೇನೂ ಶಾಕ್ ಹೊಡೆದಿಲ್ಲ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹಾಗೆಂದು ಬೋರ್ಡಿನ ಎಲ್ಲ ಭಾಗವೂ ಅಷ್ಟೇ ನಾಜೂಕಲ್ಲ. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳು, ಪ್ರೊಸೆಸರಿನ ಅಡಿಭಾಗ, ಸಾಕೆಟ್ಟಿನ ಒಳಗಿನ ಪಿನ್ನುಗಳು ನೇರವಾಗಿ ಚಿಪ್ಪಿನೊಳಕ್ಕೆ ದಾರಿ ಮಾಡಿಕೊಡುತ್ತವೆ. ಇವನ್ನು ಮುಟ್ಟಲೇಬೇಡಿ, ಅಂಚು ಹಿಡಿದು ಎತ್ತಿ.

ಕೂರುವ ಮೊದಲು

ಹತ್ತಿಯ ಅಂಗಿ ಹಾಕಿಕೊಳ್ಳಿ. ಸ್ವೆಟರ್ ಬೇಕೇ ಬೇಕೆನ್ನುವಷ್ಟು ಚಳಿಯಿದ್ದರೆ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಕೆಲಸದ ನಡುವೆ ಸೆಕೆಯಾಯಿತೆಂದು ಬೋರ್ಡಿನ ಪಕ್ಕದಲ್ಲೇ ಸ್ವೆಟರ್ ಎಳೆದು ತೆಗೆಯುವುದು ಹಾಕಿಕೊಂಡಿರುವುದಕ್ಕಿಂತ ಕೆಟ್ಟದ್ದು. ಕೋಣೆಯ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ನೈಲಾನ್ ಚಾಪೆ ಸುತ್ತಿಡಿ, ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿರಿ. ಹಳೆಯ ಮನೆಗಳ ಗಾರೆ ನೆಲ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮರದ ಮೇಜಾದರೆ ಒಳ್ಳೆಯದು. ಪೆಟ್ಟಿಗೆಯಿಂದ ಬಂದ ಥರ್ಮೋಕೋಲನ್ನು ಮೊದಲು ಇನ್ನೊಂದು ಕೋಣೆಗೆ ಸಾಗಿಸಿ.

ಇನ್ನು ಅರ್ಥಿಂಗ್. ಮೈಯನ್ನು ಭೂಮಿಗೆ ಜೋಡಿಸುವುದು ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಬೇಕಾದದ್ದು ನಿಮ್ಮ ಮೈ, ಕ್ಯಾಬಿನೆಟ್, ಕೈಯಲ್ಲಿರುವ ಭಾಗ ಮೂರೂ ಒಂದೇ ಮಟ್ಟದಲ್ಲಿರುವುದು. ಮಟ್ಟ ಒಂದೇ ಆದರೆ ಹರಿಯುವುದಕ್ಕೆ ಏನೂ ಇಲ್ಲ, ಎರಡು ಕೆರೆಗಳ ನೀರಿನ ಹಾಗೆ. ಭೂಮಿ ಆ ಮಟ್ಟವನ್ನು ಹಿಡಿದಿಡಲು ಅನುಕೂಲದ ಜಾಗ, ಅಷ್ಟೆ.

ಮನೆಯ ಅರ್ಥಿಂಗ್ ಸರಿಯಿದ್ದರೆ ದಾರಿ ಸುಲಭ. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಅನ್ನು ಸ್ಕ್ರೂ ಹಾಕಿ ಕ್ಯಾಬಿನೆಟ್ಟಿಗೆ ಬಿಗಿದು, ಮೂರು ಪಿನ್ನಿನ ಪ್ಲಗ್ ಸಿಕ್ಕಿಸಿ. ಗೋಡೆಯ ಸ್ವಿಚ್ಚೂ, ಎಸ್‌ಎಂಪಿಎಸ್ ಹಿಂದಿನ ಸ್ವಿಚ್ಚೂ ಆಫ್ ಇರಲಿ. ಗೋಡೆಯ ಸ್ವಿಚ್ ಫೇಸನ್ನು ಮಾತ್ರ ಕಡಿಯುತ್ತದೆ, ದಪ್ಪ ಪಿನ್ನಿನ ಅರ್ಥ್ ತಂತಿ ಹಾಗೇ ಜೋಡಿಕೊಂಡಿರುತ್ತದೆ. ಪವರ್ ಬಟನ್ನನ್ನು ಒಮ್ಮೆ ಒತ್ತಿದರೆ ಉಳಿದ ಕರೆಂಟೂ ಖಾಲಿ.

ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ದಪ್ಪ ತೂತು ಬರೀ ಶೋಕಿಗೆ ಇರುತ್ತದೆ. ಇದನ್ನು ಪತ್ತೆ ಹಚ್ಚಲು ಒಂದು ಗುರುತಿದೆ. ಕಂಪ್ಯೂಟರ್ ಓಡುತ್ತಿರುವಾಗ ಕ್ಯಾಬಿನೆಟ್ಟಿನ ಲೋಹವನ್ನು ಸವರಿದರೆ ಬೆರಳಿಗೆ ಜುಂ ಎನ್ನುತ್ತದೆಯೇ? ಹಾಗಿದ್ದರೆ ಅರ್ಥ್ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಿರಿ. ಎಸ್‌ಎಂಪಿಎಸ್ ಒಳಗಿನ ಎರಡು ಪುಟ್ಟ ಕೆಪಾಸಿಟರುಗಳು ಭೂಮಿಗೆ ಹೋಗಬೇಕಾದ ಸೋರಿಕೆಯನ್ನು ಕ್ಯಾಬಿನೆಟ್ಟಿನ ಮೇಲೆ ನಿಲ್ಲಿಸಿರುತ್ತವೆ. 230 ವೋಲ್ಟಿನ ಅರ್ಧದಷ್ಟು ಅಲ್ಲಿ ಇರುತ್ತದೆ, ಅದಕ್ಕೇ ಜುಂ. ಬೇಸಿಗೆಗೆ ಅರ್ಥ್ ಗುಂಡಿ ಒಣಗಿದ್ದರೆ ನಾಲ್ಕು ಕೊಡ ನೀರು ಹಾಕಿ ನೋಡಿ, ಹೋಗದಿದ್ದರೆ ವೈರಿಂಗ್ ಬಲ್ಲವರನ್ನು ಕರೆಸಿ. ಅಲ್ಲಿಯ ತನಕ ಪ್ಲಗ್ ಪೂರ್ತಿ ಕಿತ್ತಿಟ್ಟೇ ಕೆಲಸ ಮಾಡಿ. ಒಂದು ಕೈ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಮೇಲಿರಲಿ, ಎದ್ದು ಹೋಗಿ ಬಂದಾಗಲೆಲ್ಲ ಮೊದಲು ಅದನ್ನು ಮುಟ್ಟಿ. ಭೂಮಿ ಇಲ್ಲದಿದ್ದರೂ ಮಟ್ಟ ಒಂದೇ ಆಯಿತಲ್ಲ.

ಮಣಿಕಟ್ಟಿಗೆ ಕಟ್ಟುವ ಸ್ಟ್ರ್ಯಾಪ್ ಇದ್ದರೆ ಅದರ ಕ್ಲಿಪ್ಪನ್ನು ಅದೇ ಬಣ್ಣವಿಲ್ಲದ ಜಾಗಕ್ಕೆ ಹಾಕಿ. ಅದರೊಳಗೆ 1 ಮೆಗಾಓಮಿನ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ 230 ವೋಲ್ಟ್ ಮುಟ್ಟಿದರೂ ಆ ತಂತಿಯಲ್ಲಿ ಕಾಲು ಮಿಲಿಆಂಪಿಯರಿಗಿಂತ ಕಡಿಮೆ ಹರಿಯಲಿ ಎಂಬುದಕ್ಕೆ. ಹಾಗಾಗಿ ಹಣ ಉಳಿಸಲೆಂದು ಬರಿಯ ತಾಮ್ರದ ತಂತಿಯನ್ನು ಕೈಗೆ ಸುತ್ತಿ ಅರ್ಥಿಗೆ ಕಟ್ಟುವ ಸಾಹಸ ಬೇಡ.

ಹೊಸ ಬೋರ್ಡ್ ಬಂದ ಬೆಳ್ಳಿ ಬಣ್ಣದ ಚೀಲವನ್ನು ಬಿಚ್ಚುವ ಮುನ್ನ ಚೀಲವನ್ನೇ ಒಮ್ಮೆ ಕ್ಯಾಬಿನೆಟ್ಟಿಗೆ ತಾಗಿಸಿ. ಬೋರ್ಡ್ ಹೊರಗೆ ಬಂದ ಮೇಲೆ ಅದರ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಚೀಲ ಹಾಸಿ ಅದರ ಮೇಲಿಟ್ಟು ಕರೆಂಟ್ ಕೊಡಬೇಡಿ, ಅದರಲ್ಲಿ ಲೋಹದ ಪದರವಿದೆ.

ಎಂಟು, ಹನ್ನೊಂದು, ಒಂಬತ್ತು

ಮರುದಿನ ಭಾವನ ಮನೆಗೆ ಹೋದೆ. ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಪೆಟ್ಟಿಗೆಯ ಮೇಲಿಟ್ಟೆವು. ಪ್ರೊಸೆಸರ್, ಅದರ ಫ್ಯಾನ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್‌ನಿಂದ 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರಿನ 8 ಪಿನ್ನಿನ ಚಿಕ್ಕದು, ಮಾನಿಟರ್. ಬೇರೇನೂ ಇಲ್ಲ. `PWR_SW` ಎಂದು ಬರೆದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಕ್ಷಣ ತಾಗಿಸಿದೆ. ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು, ಪರದೆ ಬೆಳಗಿತು. ಭಾವ ಚಹಾ ತರಲು ಎದ್ದ.

ಹೊರಗೆ ಓಡುವ ಬೋರ್ಡ್ ಒಳಗೆ ಓಡದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕ್ಯಾಬಿನೆಟ್ಟಿನ ತಗಡಿನಲ್ಲಿರುವ ಸ್ಟ್ಯಾಂಡ್‌ಆಫ್‌ಗಳನ್ನು. ಬೋರ್ಡನ್ನು ತಗಡಿನಿಂದ ಅರ್ಧ ಸೆಂಟಿಮೀಟರಿಗಿಂತ ತುಸು ಮೇಲೆ ಎತ್ತಿ ಹಿಡಿಯುವ, ಆರು ಮೂಲೆಯ ಪುಟ್ಟ ಹಿತ್ತಾಳೆ ಕಂಬಗಳು ಅವು. ಬೋರ್ಡಿನ ತೂತಿನ ನೇರಕ್ಕೆ ಇದ್ದರೆ ಆಧಾರ. ತೂತಿಲ್ಲದ ಕಡೆ ಇದ್ದರೆ ಹಿಂಭಾಗದ ಬೆಸುಗೆಗೆ ತಾಗಿ ಶಾರ್ಟ್ ಮಾಡುವ ಮೊಳೆ.

ಭಾವನ ಹಳೆಯ ಬೋರ್ಡ್ ಮೈಕ್ರೋ ಎಟಿಎಕ್ಸ್, 244 ಮಿಲಿಮೀಟರ್ ಚೌಕ, ಎಂಟು ತೂತು. ಹೊಸದು ಎಟಿಎಕ್ಸ್, 305ಕ್ಕೆ 244, ಒಂಬತ್ತು ತೂತು. ಮೇಲಿನ ಮತ್ತು ನಡುವಿನ ಸಾಲಿನ ಆರು ತೂತುಗಳು ಎರಡಕ್ಕೂ ಒಂದೇ ಜಾಗದಲ್ಲಿ ಬರುತ್ತವೆ. ಬದಲಾಗುವುದು ಕೆಳಗಿನ ಸಾಲು ಮಾತ್ರ. ಚಿಕ್ಕ ಬೋರ್ಡಿನ ಕೆಳಸಾಲು ಮೇಲಕ್ಕಿರುತ್ತದೆ, ದೊಡ್ಡದರದ್ದು ಇನ್ನೂ ಕೆಳಗೆ. ಭಾವ ಜಾಣ. ಕೆಳಗೆ ಮೂರು ಹೊಸ ಕಂಬ ಬೇಕೆಂದು ಗುರುತಿಸಿ ಸರಿಯಾಗಿಯೇ ಹಾಕಿದ್ದ. ಹಳೆಯ ಕೆಳಸಾಲಿನ ಎರಡನ್ನು ತೆಗೆಯುವುದು ಮಾತ್ರ ಮರೆತಿದ್ದ. ಎಂಟಕ್ಕೆ ಮೂರು ಸೇರಿ ಹನ್ನೊಂದು. ಬೋರ್ಡಿನ ತೂತು ಒಂಬತ್ತು.

ಮೇಲಿನಿಂದ ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ. ಒಂಬತ್ತು ತೂತಿನಲ್ಲೂ ಹಿತ್ತಾಳೆ ಕಾಣುತ್ತದೆ, ಒಂಬತ್ತು ಸ್ಕ್ರೂ ಸಲೀಸಾಗಿ ಕೂರುತ್ತವೆ. ಉಳಿದೆರಡು ಬೋರ್ಡಿನ ಅಡಿಯಲ್ಲಿ ಅಡಗಿರುತ್ತವೆ. ಬೋರ್ಡ್ ಮಗುಚಿ ನೋಡಿದಾಗ ಕೆಳಗಿನ ಸ್ಲಾಟಿನ ಬೆಸುಗೆಗಳ ನಡುವೆ ಕಡಲೆಕಾಳಿನಷ್ಟು ಅಗಲದ ಗೀರು ಬಿದ್ದಿತ್ತು. ಆ ಬೆಸುಗೆಗಳಲ್ಲಿ ಕೆಲವಕ್ಕೆ 12 ವೋಲ್ಟ್ ಬರುತ್ತದೆ. ಅದು ಹಿತ್ತಾಳೆಯ ಮೂಲಕ ಕ್ಯಾಬಿನೆಟ್ಟಿಗೆ ಹೋದ ಕೂಡಲೇ ಎಸ್‌ಎಂಪಿಎಸ್ ತನ್ನನ್ನು ತಾನೇ ಆಫ್ ಮಾಡಿಕೊಂಡಿದೆ. ಫ್ಯಾನಿನ ಕಾಲು ಸುತ್ತು ಅದರದ್ದೇ ಗುರುತು. ಹೀಗಾದಾಗ ಮತ್ತೆ ಮತ್ತೆ ಬಟನ್ ಒತ್ತಬೇಡಿ, ಪ್ಲಗ್ ಕಿತ್ತು ಬೋರ್ಡ್ ತೆಗೆಯಿರಿ. ಎಲ್ಲ ಸಲವೂ ಎಸ್‌ಎಂಪಿಎಸ್ ಕಾಪಾಡುತ್ತದೆ ಎನ್ನುವಂತಿಲ್ಲ. ತಾಗಿದ್ದು ಡೇಟಾ ಗೆರೆಗಾದರೆ ಕಂಪ್ಯೂಟರ್ ಓಡಿಯೂ ಓಡುತ್ತದೆ, ಆದರೆ ಒಂದು ಸ್ಲಾಟೋ ಒಂದು ಯುಎಸ್‌ಬಿಯೋ ಸತ್ತಂತಿರುತ್ತದೆ. ಇದನ್ನು ಹುಡುಕುವುದು ಇನ್ನೂ ಕಷ್ಟ.

ಆದ್ದರಿಂದ ಬೋರ್ಡ್ ಕೂರಿಸುವ ಮೊದಲು ಹೀಗೆ ಮಾಡಿ. ಬೋರ್ಡಿನ ತೂತು ಎಣಿಸಿ, ಒಂದು ಚೀಟಿಯಲ್ಲಿ ಬರೆಯಿರಿ. ತಗಡಿನ ಕಂಬ ಎಣಿಸಿ, ಅದನ್ನೂ ಬರೆಯಿರಿ. ಎರಡೂ ಒಂದೇ ಸಂಖ್ಯೆಯಾಗುವ ತನಕ ಸ್ಕ್ರೂ ಮುಟ್ಟಬೇಡಿ. ಸಂಖ್ಯೆ ಒಂದೇ ಆದರೂ ಒಂದು ಕಂಬ ಜಾಗ ತಪ್ಪಿರಬಹುದು. ಅದಕ್ಕೆ ಬೋರ್ಡನ್ನು ಮೆಲ್ಲಗೆ ಇಳಿಸಿ ಪ್ರತಿ ತೂತಿನಲ್ಲೂ ಹಿತ್ತಾಳೆ ಕಾಣುತ್ತದೆಯೇ ನೋಡಿ. ಎರಡೂ ಪರೀಕ್ಷೆ ಸೇರಿದರೆ ತಪ್ಪಿಸಿಕೊಳ್ಳುವ ಕಂಬವಿಲ್ಲ. ಕೆಲವು ಕ್ಯಾಬಿನೆಟ್ಟುಗಳಲ್ಲಿ ತಗಡನ್ನೇ ಉಬ್ಬಿಸಿ ಕಂಬದಂತೆ ಮಾಡಿರುತ್ತಾರೆ. ಆ ಉಬ್ಬನ್ನೂ ಕಂಬವೆಂದೇ ಲೆಕ್ಕ ಹಾಕಿ, ಅದರ ಮೇಲೆ ಇನ್ನೊಂದು ಹಿತ್ತಾಳೆ ಹಾಕಬೇಡಿ.

ಕಂಬ ಹೆಚ್ಚಾದರೆ ಶಾರ್ಟ್ ಆಗುವಂತೆ ಕಡಿಮೆಯಾದರೂ ಕಷ್ಟವಿದೆ. 24 ಪಿನ್ನಿನ ಕನೆಕ್ಟರ್ ಒತ್ತುವಾಗ ಆಧಾರವಿಲ್ಲದ ಅಂಚು ಬಾಗುತ್ತದೆ. ಬಾಗಿದ್ದು ತಗಡಿಗೆ ತಾಗಬಹುದು, ಒಳಗಿನ ಗೆರೆ ಬಿರುಕು ಬಿಡಬಹುದು.

ಭಾವನ ಬೋರ್ಡಿನಲ್ಲಿ ಗೀರು ಬಿಟ್ಟರೆ ಬೇರೆ ಗಾಯವಿರಲಿಲ್ಲ. ಒಂದು ಕಂಬ ಕೈಯಲ್ಲೇ ಬಂತು, ಇನ್ನೊಂದಕ್ಕೆ ಇಕ್ಕಳ ಬೇಕಾಯಿತು. ಒಂಬತ್ತು ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಆಮೇಲೆ ಎದುರುಬದುರು ಮೂಲೆಗಳಿಂದ ಎರಡು ಬೆರಳಿನ ಬಲದಲ್ಲಷ್ಟೇ ಬಿಗಿದೆವು. ಈ ಸಲ ಭಾವ ಬನಿಯನ್ನಿನಲ್ಲೇ ಕೂತಿದ್ದ, ಚಳಿಗೆ ನಡುಗುತ್ತ. ಫ್ಯಾನ್ ತಿರುಗಿದ ಮೇಲೆ ತೆಗೆದ ಎರಡು ಕಂಬಗಳನ್ನು ಸ್ಕ್ರೂ ಪೊಟ್ಟಣಕ್ಕೆ ಹಾಕಿ, "11 ಅಲ್ಲ 9" ಎಂದು ಕ್ಯಾಬಿನೆಟ್ಟಿನ ಬಾಗಿಲ ಒಳಮೈಗೆ ಪೆನ್ನಿನಲ್ಲಿ ಬರೆದಿಟ್ಟ.